ಅಂಗಸಂಸ್ಥೆಯ ಲಾಭದಲ್ಲಿ ಹೊರಗಿನವರ ಪಾಲು

ಬೆಂಗಳೂರಿನ ಬಯೋಕಾನ್ ಕಂಪನಿಯ ಕನ್ಸಾಲಿಡೇಟೆಡ್ ಫಲಿತಾಂಶದಲ್ಲಿ ನಿವ್ವಳ ಲಾಭದ ಕೆಳಗೆ ಇನ್ನೂ ಎರಡು ಸಾಲುಗಳಿರುತ್ತವೆ. ಆ ಲಾಭದಲ್ಲಿ ಬಯೋಕಾನ್ ಷೇರುದಾರರಿಗೆ ಸೇರಿದ್ದೆಷ್ಟು ಎಂಬುದನ್ನು ಒಂದು ಸಾಲು ಹೇಳುತ್ತದೆ. ಹೊರಗಿನವರಿಗೆ ಸೇರಿದ್ದೆಷ್ಟು ಎಂಬುದನ್ನು ಇನ್ನೊಂದು ಸಾಲು ಹೇಳುತ್ತದೆ. ಇದೇ ಮೈನಾರಿಟಿ ಇಂಟರೆಸ್ಟ್. ಈ ಹೊರಗಿನವರು ಯಾರು? ಬಯೋಕಾನ್‌ನ ಅಂಗಸಂಸ್ಥೆ ಸಿಂಜೀನ್ 2015ರಲ್ಲಿ ಷೇರುಪೇಟೆಗೆ ಬಂತು. ಅದರ ಅರ್ಧಕ್ಕಿಂತ ಹೆಚ್ಚು ಷೇರು ಬಯೋಕಾನ್ ಕೈಯಲ್ಲಿದೆ, ಉಳಿದದ್ದು ಸಾರ್ವಜನಿಕರು ಮತ್ತು ಫಂಡುಗಳ ಬಳಿ ಇದೆ. ಸಿಂಜೀನ್ ದುಡಿದ ಲಾಭದಲ್ಲಿ ಅವರಿಗೂ ಹಕ್ಕಿದೆ.

ಹಾಗಿದ್ದರೆ ಮಾತೃ ಸಂಸ್ಥೆ ತನ್ನ ಪಾಲನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಲೆಕ್ಕಪತ್ರದ ನಿಯಮ ಇದನ್ನು ಒಪ್ಪುವುದಿಲ್ಲ. ನಿಯಮ ನೋಡುವುದು ಹಿಡಿತ ಯಾರದು ಎಂಬುದನ್ನು. 80% ಷೇರು ಇರುವವರು ಕಾರ್ಖಾನೆಯ ಯಂತ್ರಗಳಲ್ಲಿ 80 ಭಾಗವನ್ನು ಮಾತ್ರ ನಡೆಸುವುದಿಲ್ಲ. ಏನು ತಯಾರಿಸಬೇಕು, ಎಷ್ಟು ಸಾಲ ತರಬೇಕು ಎಂಬ ತೀರ್ಮಾನವೆಲ್ಲ ಅವರದೇ. ಆದ್ದರಿಂದ ಅಂಗಸಂಸ್ಥೆಯ ಆಸ್ತಿ, ಸಾಲ, ಮಾರಾಟ, ಖರ್ಚು ಎಲ್ಲವನ್ನೂ ಪೂರ್ತಿಯಾಗಿ ಸೇರಿಸಿ, ಹೊರಗಿನವರ ಪಾಲನ್ನು ಕೊನೆಯಲ್ಲಿ ಬೇರೆಯಾಗಿ ತೋರಿಸುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಕಂಪನಿ 100 ಕೋಟಿ ರೂಪಾಯಿ ಕೊಟ್ಟು ಇನ್ನೊಂದರ 80% ಷೇರು ಕೊಂಡಿತು. ಕೊಂಡ ದಿನ ಆ ಅಂಗಸಂಸ್ಥೆಯ ಆಸ್ತಿಯಲ್ಲಿ ಸಾಲ ಕಳೆದು ಉಳಿಯುವ ಮೌಲ್ಯ 90 ಕೋಟಿ. ಅದರಲ್ಲಿ ಕೊಂಡವರ ಪಾಲು 72 ಕೋಟಿ, ಹೊರಗಿನವರ ಪಾಲು 18 ಕೋಟಿ. 72 ಕೋಟಿಯ ಪಾಲಿಗೆ 100 ಕೋಟಿ ಕೊಟ್ಟಿದ್ದರಿಂದ ಹೆಚ್ಚುವರಿ 28 ಕೋಟಿ ಗುಡ್‌ವಿಲ್ ಆಗಿ ಕೂರುತ್ತದೆ.

ಮುಂದಿನ ವರ್ಷ ಅಂಗಸಂಸ್ಥೆ 20 ಕೋಟಿ ಲಾಭ ಮಾಡಿತು. ಆದರೆ ಅದರಲ್ಲಿ 2 ಕೋಟಿ ಬಂದದ್ದು ಮಾತೃ ಸಂಸ್ಥೆಗೇ ಮಾರಿದ ಸರಕಿನಿಂದ, ಆ ಸರಕು ವರ್ಷಾಂತ್ಯಕ್ಕೂ ಗೋದಾಮಿನಲ್ಲೇ ಇದೆ. ಹೊರಗಿನ ಗಿರಾಕಿ ಇನ್ನೂ ಕೊಂಡಿಲ್ಲವಾದ್ದರಿಂದ ಇಡೀ ಗುಂಪಿನ ದೃಷ್ಟಿಯಲ್ಲಿ ಅದು ಲಾಭವೇ ಅಲ್ಲ. ಆ 2 ಕೋಟಿಯನ್ನು ತೆಗೆದುಹಾಕಿದರೆ ಉಳಿಯುವುದು 18 ಕೋಟಿ. ಮಾರಿದ್ದು ಅಂಗಸಂಸ್ಥೆಯಾದ್ದರಿಂದ ಈ ಕಡಿತ ಹೊರಗಿನವರಿಗೂ ತಟ್ಟುತ್ತದೆ: ಅವರಿಗೆ ಸಲ್ಲುವುದು 18 ಕೋಟಿಯ 20%, ಅಂದರೆ 3.6 ಕೋಟಿ. ಸರಕು ಹೊರಗೆ ಮಾರಾಟವಾದ ವರ್ಷ ತಡೆಹಿಡಿದ ಲಾಭ ಲೆಕ್ಕಕ್ಕೆ ಮರಳುತ್ತದೆ.

ಅಂಗಸಂಸ್ಥೆ 5 ಕೋಟಿ ಲಾಭಾಂಶವನ್ನೂ ಹಂಚಿತು ಎನ್ನೋಣ. ಮಾತೃ ಸಂಸ್ಥೆಗೆ ಬಂದ 4 ಕೋಟಿ ಅದರ ಸ್ಟ್ಯಾಂಡ್‌ಅಲೋನ್ ಲೆಕ್ಕದಲ್ಲಿ ಆದಾಯ. ಕನ್ಸಾಲಿಡೇಟೆಡ್ ಲೆಕ್ಕದಲ್ಲಿ ಅದು ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದ ಹಣ, ಅದನ್ನು ಹೊಡೆದುಹಾಕುತ್ತಾರೆ. ಹೊರಗಿನವರಿಗೆ ಹೋದ 1 ಕೋಟಿ ಮಾತ್ರ ಗುಂಪಿನಿಂದ ನಿಜವಾಗಿ ಆಚೆ ಹೋದದ್ದು. ಹೀಗಾಗಿ ವರ್ಷಾಂತ್ಯದ ಬ್ಯಾಲೆನ್ಸ್ ಶೀಟಿನಲ್ಲಿ ಅವರ ಪಾಲು 18ಕ್ಕೆ 3.6 ಕೂಡಿಸಿ 1 ಕಳೆದರೆ 20.6 ಕೋಟಿ. ಇದು ಯಾರಿಗೂ ತೀರಿಸಬೇಕಾದ ಸಾಲವಲ್ಲ. ಇಂಡ್ ಎಎಸ್ ಪಾಲಿಸುವ ದೊಡ್ಡ ಕಂಪನಿಗಳು ಇದನ್ನು ಈಕ್ವಿಟಿಯೊಳಗೇ ಪ್ರತ್ಯೇಕ ಸಾಲಿನಲ್ಲಿ ತೋರಿಸುತ್ತವೆ.

ನಷ್ಟದ ವಿಷಯದಲ್ಲಿ ನಿಯಮವೇ ಬದಲಾಗಿದೆ. ಹಳೆಯ ಎಎಸ್ 21ರಲ್ಲಿ ಹೊರಗಿನವರ ಪಾಲು ಸೊನ್ನೆಗೆ ಇಳಿದ ಮೇಲೆ ಉಳಿದ ನಷ್ಟವೆಲ್ಲ ಸಾಮಾನ್ಯವಾಗಿ ಮಾತೃ ಸಂಸ್ಥೆಯ ತಲೆಗೆ ಬೀಳುತ್ತಿತ್ತು. ಇಂಡ್ ಎಎಸ್ 110ರ ಪ್ರಕಾರ ಹೊರಗಿನವರ ಪಾಲು ಮೈನಸ್‌ಗೂ ಹೋಗಬಹುದು. ಆ ಸಾಲಿನಲ್ಲಿ ಮೈನಸ್ ಕಂಡರೆ ಅಂಗಸಂಸ್ಥೆಯೊಂದು ಬಂಡವಾಳವನ್ನೆಲ್ಲ ತಿಂದು ಕೂತಿದೆ ಎಂದು ಅನುಮಾನಿಸಲು ಕಾರಣವಿದೆ.

ಸಾಮಾನ್ಯ ಹೂಡಿಕೆದಾರರು ಎಡವುವುದು ಷೇರಿನ ಬೆಲೆಯನ್ನು ಗಳಿಕೆಯೊಂದಿಗೆ ಹೋಲಿಸುವಾಗ. ನಾವು ಕೊಳ್ಳುವುದು ಮಾತೃ ಸಂಸ್ಥೆಯ ಷೇರು, ಆದರೆ ಶೀರ್ಷಿಕೆಯಲ್ಲಿ ಬರುವ ಒಟ್ಟು ಲಾಭದಲ್ಲಿ ಹೊರಗಿನವರದ್ದೂ ಇರಬಹುದು. ಅದನ್ನೇ ಹಿಡಿದು ಲೆಕ್ಕ ಹಾಕಿದರೆ ಷೇರು ಇರುವುದಕ್ಕಿಂತ ಅಗ್ಗವಾಗಿ ಕಾಣುತ್ತದೆ. ಕಂಪನಿಯೇ ಕೊಡುವ ಇಪಿಎಸ್‌ನಲ್ಲಿ ಹೊರಗಿನವರ ಪಾಲನ್ನು ಆಗಲೇ ಕಳೆದಿರುತ್ತಾರೆ, ಆದ್ದರಿಂದ ಅದನ್ನೇ ಬಳಸುವುದು ಸರಿ.

ನಗದಿನ ವಿಚಾರಕ್ಕೆ ಇನ್ನೂ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಗುಂಪಿನ ಲೆಕ್ಕದಲ್ಲಿ 500 ಕೋಟಿ ನಗದು ಕಂಡರೂ ಅದರಲ್ಲಿ ಬಹುಪಾಲು ಅಂಗಸಂಸ್ಥೆಯ ಖಾತೆಯಲ್ಲಿರಬಹುದು. ಅದನ್ನು ಲಾಭಾಂಶವಾಗಿ ಮಾತೃ ಸಂಸ್ಥೆಗೆ ತರಬೇಕೆಂದರೆ ಹೊರಗಿನವರಿಗೂ ಅವರ ಪಾಲು ಕೊಡಲೇಬೇಕು. ಎಲ್ಲಿ ಏನಿದೆ ಎಂದು ತಿಳಿಯಲು ವಾರ್ಷಿಕ ವರದಿಯ ಎಒಸಿ-1 ನಮೂನೆ ನೋಡಬಹುದು. ಪ್ರತಿ ಅಂಗಸಂಸ್ಥೆಯ ಬಂಡವಾಳ, ಆಸ್ತಿ, ಸಾಲ, ವಹಿವಾಟು, ಲಾಭ ಮತ್ತು ಅದರಲ್ಲಿ ಮಾತೃ ಸಂಸ್ಥೆಗಿರುವ ಶೇಕಡಾವಾರು ಷೇರು ಅಲ್ಲಿ ಸಿಗುತ್ತದೆ. ನಗದು ಎಷ್ಟಿದೆ ಎಂದು ತಿಳಿಯಲು ಮಾತ್ರ ಮಾತೃ ಸಂಸ್ಥೆಯ ಸ್ಟ್ಯಾಂಡ್‌ಅಲೋನ್ ಬ್ಯಾಲೆನ್ಸ್ ಶೀಟನ್ನೇ ಪಕ್ಕದಲ್ಲಿಟ್ಟು ಹೋಲಿಸಬೇಕು.