ಲೆಕ್ಕ ನೋಡುವವರ ಲೆಕ್ಕ

ಕಂಪನಿಯ ಆಂತರಿಕ ಆಡಿಟರ್ ಎಲ್ಲರ ಕಡತ ತೆಗೆಸಿ ನೋಡುತ್ತಾರೆ. ಅವರ ಕಡತ ನೋಡುವವರು ಯಾರು? ಮೊದಲು ಅವರದೇ ವಿಭಾಗ. ಮುಗಿದ ಆಡಿಟ್ ಒಂದನ್ನು, ಅದರಲ್ಲಿ ಕೆಲಸ ಮಾಡದ ಸಹೋದ್ಯೋಗಿ ಮತ್ತೆ ಬಿಚ್ಚುತ್ತಾರೆ. ವರದಿಯಲ್ಲಿ ‘ಗೋದಾಮಿನ ದಾಸ್ತಾನು ಸರಿಯಿದೆ’ ಎಂದಿದೆ ಅನ್ನಿ. ಎಣಿಸಿದ ಹಾಳೆ ಎಲ್ಲಿ? ಹಾಳೆಯೇನೋ ಇದೆ, ಆದರೆ ಅದಕ್ಕೆ ಮೇಲಧಿಕಾರಿಯ ಸಹಿ ಬಿದ್ದಿರುವುದು ವರದಿ ಹೊರಟ ಮೇಲೆ. ಅಂದರೆ ಪರಿಶೀಲನೆ ಬರೀ ಶಾಸ್ತ್ರಕ್ಕೆ ನಡೆದಿದೆ. ಸಹಿಯಾಗದೆ ಮುಂದಿನ ವರದಿ ಹೊರಡದಂತೆ ಮಾಡಿದರೆ ಅದು ಸುಧಾರಣೆ.

ತಮ್ಮ ಬೆನ್ನು ತಮಗೆ ಕಾಣದು. ಹಾಗಾಗಿ ಜಾಗತಿಕ ಆಂತರಿಕ ಆಡಿಟ್ ಮಾನದಂಡಗಳ ಪ್ರಕಾರ 5 ವರ್ಷಕ್ಕೊಮ್ಮೆಯಾದರೂ ಹೊರಗಿನ ಸ್ವತಂತ್ರ ಪರಿಶೀಲಕರು ಬರಬೇಕು. ಸ್ವಂತ ಮೌಲ್ಯಮಾಪನವನ್ನು ಅವರಿಂದ ದೃಢಪಡಿಸಿಕೊಳ್ಳುವ ದಾರಿಯೂ ಉಂಟು. ಆದರೆ ಎರಡು ಕಂಪನಿಗಳು ಪರಸ್ಪರ ನೋಡಿಕೊಳ್ಳುವಂತಿಲ್ಲ. ಫಲಿತಾಂಶ ಆಡಳಿತ ಮಂಡಳಿಗೇ ಹೋಗುತ್ತದೆ.