ಎಣ್ಣೆ ಹಚ್ಚದಿದ್ದರೂ ತಲೆ ಜಿಡ್ಡು ಜಿಡ್ಡು: ಹದಿಮೂರರ ಮಕ್ಕಳಿಗೆ ವಾರಕ್ಕೊಂದು ಸಲ ಎರಕೊಂಡರೆ ಯಾಕೆ ಸಾಲಲ್ಲ?

ಬಾಗಲಕೋಟೆ: ಐದನೇ ಕ್ಲಾಸಿನವರೆಗೂ ರವಿವಾರ ಒಂದು ದಿನ ಎರಕೊಂಡರೆ ಸಾಕಾಗುತ್ತಿದ್ದ ತಲೆ ಏಳನೇ, ಎಂಟನೇ ಕ್ಲಾಸಿಗೆ ಬಂದ ಕೂಡಲೇ ಎರಡನೇ ದಿನಕ್ಕೇ ಅಂಟಂಟಾಗುತ್ತದೆ. ಬೈತಲೆ ಹತ್ತಿರ ಕೂದಲು ಒದ್ದೆಯಾದಂತೆ ಮೆತ್ತಿಕೊಂಡಿರುತ್ತದೆ, ಹಣಿಗೆ ತುಂಬ ಬೂದು ಬಣ್ಣದ ಜಿಡ್ಡು, ಹಣೆ ಮೇಲೆ ಸಣ್ಣ ಗುಳ್ಳೆ. "ಮೊನ್ನೆನ ಎರಕೊಂಡೀದಿ, ಮತ್ತ ಎರಕೊಂತೀ ಏನ?" ಅಂತ ಅವ್ವ ಕೇಳಿದರೆ ಮಗಳ ಹತ್ತಿರ ಉತ್ತರ ಇರೋದಿಲ್ಲ. ಇಳಕಲ್, ಹುನಗುಂದ, ಬಾದಾಮಿ ಕಡೆ ಮನೆ ಮನೆಯಲ್ಲಿ ನಡೆಯುವ ಮಾತು ಇದು. ಹುಡುಗ ಸ್ವಚ್ಛ ಇಲ್ಲ, ಹುಡುಗಿ ಸರಿಯಾಗಿ ತೊಳಕೊಳ್ಳಲ್ಲ ಅನ್ನೋದು ಇದಕ್ಕೆ ಕಾರಣವೇ ಅಲ್ಲ.

ತಲೆ ಚರ್ಮದೊಳಗೆ ಪ್ರತಿ ಕೂದಲ ಬುಡಕ್ಕೂ ಒಂದು ಸಣ್ಣ ಎಣ್ಣೆ ಗ್ರಂಥಿ ಅಂಟಿಕೊಂಡಿರುತ್ತದೆ. ಚಿಕ್ಕ ವಯಸ್ಸಿನಲ್ಲಿ ಅದು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಹರೆಯಕ್ಕೆ ಬರುವಾಗ ದೇಹದಲ್ಲಿ ಆಂಡ್ರೋಜೆನ್ ಅನ್ನುವ ಹಾರ್ಮೋನು ಏರುತ್ತದೆ. ಇದು ಗಂಡು ಮಕ್ಕಳಿಗಷ್ಟೇ ಅಲ್ಲ, ಹೆಣ್ಣುಮಕ್ಕಳಲ್ಲೂ ಇರುತ್ತದೆ. ಆಗ ಗ್ರಂಥಿ ದೊಡ್ಡದಾಗಿ ಜಿಡ್ಡು ಸುರಿಸೋಕೆ ಶುರು ಮಾಡುತ್ತದೆ. ಮುಖ, ಎದೆ, ಬೆನ್ನಿನ ಮೇಲೆ ಮೊಡವೆ ಬರುವುದಕ್ಕೂ ಇದೇ ಜಿಡ್ಡು ಒಂದು ಕಾರಣ. ಆದ್ದರಿಂದ ಎರಡೂ ಒಂದೇ ವರ್ಷದಲ್ಲಿ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ.

ನಮ್ಮ ಕಡೆ ಪದ್ಧತಿ ಏನೆಂದರೆ, ಬೆಳಿಗ್ಗೆ ಸಾಲಿಗೆ ಹೋಗೋ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟೋದು. ಎಂಟು ವರ್ಷದ ಒಣ ಕೂದಲಿಗೆ ಅದು ಸರಿಯಾಗೇ ಇತ್ತು. ಬುಡವೇ ಎಣ್ಣೆ ಸುರಿಸುತ್ತಿರುವಾಗ ಮೇಲಿಂದ ಇನ್ನೊಂದು ಚಮಚ ಹಾಕಿದರೆ ಅದು ಹೋಗೋದು ಹಣೆಗೆ, ದಿಂಬಿಗೆ. ಅದರ ಮೇಲೆ ನಮ್ಮ ಬಿಸಿಲು, ಬೆವರು, ರಸ್ತೆ ಧೂಳು. ಇಳಕಲ್‌ನಲ್ಲಿ ಗ್ರಾನೈಟ್ ಕ್ವಾರಿ, ಪಾಲಿಶ್ ಘಟಕಗಳ ಹತ್ತಿರ ಇರುವವರಿಗಂತೂ ಧೂಳಿನ ಬಗ್ಗೆ ಹೇಳಬೇಕಾಗಿಲ್ಲ.

ಮತ್ತೆ ಮತ್ತೆ ತೊಳೆದರೆ ತಲೆ ಇನ್ನೂ ಹೆಚ್ಚು ಎಣ್ಣೆ ಬಿಡುತ್ತದೆ ಅನ್ನೋ ಮಾತೂ ಇದೆ. ಗ್ರಂಥಿಗೆ ಅಪ್ಪಣೆ ಬರೋದು ರಕ್ತದೊಳಗಿನ ಹಾರ್ಮೋನಿನಿಂದ. ಮೇಲೆ ತೊಳೆದಿದ್ದು ಅದಕ್ಕೆ ಗೊತ್ತಾಗೋದಿಲ್ಲ. ತೊಳೆದರೆ ಜಿಡ್ಡು ಹೋಗುತ್ತದೆ, ಒಂದೆರಡು ದಿನದಲ್ಲಿ ಅಷ್ಟೇ ಮತ್ತೆ ಬರುತ್ತದೆ. ಹಾಗೆಯೇ ಯಾವ ಶಾಂಪೂ ಕೂಡ ಜಿಡ್ಡು ಬರೋದನ್ನೇ ಖಾಯಂ ನಿಲ್ಲಿಸೋದಿಲ್ಲ, ಪ್ಯಾಕೆಟ್ ಮೇಲೆ ಏನೇ ಬರೆದಿರಲಿ.

ಮೊದಲು ನೀರು ನೋಡಿ

ಎಷ್ಟು ತೊಳೆದರೂ ಕೂದಲು ಅಂಟಂಟೇ ಇದ್ದರೆ ತಪ್ಪು ನೀರಿನದ್ದೂ ಇರಬಹುದು. ಬೋರ್‌ವೆಲ್ ನೀರು ಗಡಸಿದ್ದ ಕಡೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಮೈ ಸೋಪು ಈ ನೀರಿಗೆ ಬಿದ್ದರೆ ನೊರೆ ಬರೋದಿಲ್ಲ, ಹಾಲು ಒಡೆದಂತೆ ಬಿಳಿ ಕಣ ಆಗುತ್ತದೆ. ಬಕೆಟ್ ಅಂಚಿಗೆ ಕಟ್ಟುವ ಬೂದು ಪದರ ಅದೇ. ತಲೆಗೆ ಮೈ ಸೋಪು ಹಾಕಿದರೆ ಆ ಪದರ ಕೂದಲಿಗೆ ಕೂರುತ್ತದೆ. ಅದನ್ನು ಜಿಡ್ಡು ಅಂತ ತಿಳಿದು ಮತ್ತೆ ಸೋಪು ತಿಕ್ಕಿದರೆ ಇನ್ನಷ್ಟು ಕೂರುತ್ತದೆ.

ಪರೀಕ್ಷೆ ಸುಲಭ. ಎರಡು ಖಾಲಿ ಪ್ಲಾಸ್ಟಿಕ್ ಬಾಟಲಿ ತಗೊಂಡು ಒಂದರಲ್ಲಿ ಮನೆ ನೀರು, ಇನ್ನೊಂದರಲ್ಲಿ ಶುದ್ಧ ನೀರಿನ ಘಟಕದಿಂದ ತಂದ ನೀರು ಅರ್ಧ ತುಂಬಿಸಬೇಕು. ಎರಡಕ್ಕೂ ಕಡಲೆ ಕಾಳಿನಷ್ಟು ಮೈ ಸೋಪಿನ ಚೂರು ಹಾಕಿ ಚೆನ್ನಾಗಿ ಅಲುಗಾಡಿಸಬೇಕು. ಮನೆ ನೀರಿನಲ್ಲಿ ನೊರೆ ಕಡಿಮೆಯಾಗಿ ನೀರು ಕದಡಿದರೆ ಅದು ಗಡಸು ನೀರು. ನೀರು ಕಾಯಿಸುವ ಹಂಡೆಯೊಳಗೆ ಅಥವಾ ಹೀಟರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿದ್ದರೆ ಪರೀಕ್ಷೆಯೂ ಬೇಕಾಗಿಲ್ಲ.

ಶಾಂಪೂ ಗಡಸು ನೀರಲ್ಲೂ ಒಡೆಯೋದಿಲ್ಲ, ಹಾಗಾಗಿ ತಲೆಗೆ ಸೋಪು ಬಿಟ್ಟು ಶಾಂಪೂ ಬಳಸೋದು ಮೊದಲ ಬದಲಾವಣೆ. ಸೀಗೆಕಾಯಿ, ಅಂಟುವಾಳವೂ ಹಾಗೇ ಒಡೆಯೋದಿಲ್ಲ. ಆದರೆ ಪುಡಿಯನ್ನು ಹಾಗೇ ತಿಕ್ಕಿದರೆ ಜಿಡ್ಡಿನ ಕೂದಲಲ್ಲಿ ಪುಡಿ ಉಳಿದುಬಿಡುತ್ತದೆ. ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರನ್ನಷ್ಟೇ ಹಾಕಬೇಕು, ಕಣ್ಣಿಗೆ ಹೋಗದಂತೆ ನೋಡಬೇಕು. ಕಡಲೆಹಿಟ್ಟು ಮಾತ್ರ ಈ ವಯಸ್ಸಿನ ತಲೆಗೆ ಬೇಡವೇ ಬೇಡ, ಅದನ್ನು ತೊಳೆದು ತೆಗೆಯೋದೇ ಒಂದು ಕೆಲಸ.

ಎಂಟನೇ ಕ್ಲಾಸಿನ ಹುಡುಗಿ, ನಾಲ್ಕು ವಾರ

ಉದಾಹರಣೆಗೆ ಇಳಕಲ್‌ನ ಒಂದು ನೇಕಾರರ ಮನೆ ಅಂತಿಟ್ಟುಕೊಳ್ಳಿ. ಹದಿಮೂರು ವರ್ಷದ ಹುಡುಗಿ, ಸೊಂಟದವರೆಗೆ ಕೂದಲು, ಬೋರಿನ ನೀರು. ದಿನಾ ಎಣ್ಣೆ, ರವಿವಾರ ಮೈ ಸೋಪಿನಲ್ಲಿ ತಲೆ ಸ್ನಾನ. ಇಲ್ಲಿಂದ ಶುರು.

ಮೊದಲು ಎರೆಯುವ ದಿನ ಗೊತ್ತು ಮಾಡಿಕೊಳ್ಳಬೇಕು: ರವಿವಾರ ಬೆಳಿಗ್ಗೆ, ಮಂಗಳವಾರ ಸಂಜೆ, ಶುಕ್ರವಾರ ಸಂಜೆ. ಮಂಗಳವಾರ, ಶುಕ್ರವಾರ ಹೇಗೂ ಹಲವು ಮನೆಗಳಲ್ಲಿ ಎರಕೊಳ್ಳುವ ದಿನ, ಅಜ್ಜಿಯ ತಕರಾರೂ ಕಡಿಮೆ. ನಳಕ್ಕೆ ನೀರು ಬರುವ ದಿನ ಬೇರೆಯಾದರೆ ಒಂದು ದಿನ ಹಿಂದೆ ಮುಂದೆ ಆಗಬಹುದು. ಸಂಜೆ ಯಾಕೆಂದರೆ, ಬೆಳಿಗ್ಗೆ ಎರಕೊಂಡು ಹಸಿ ಕೂದಲನ್ನೇ ಜಡೆ ಹಾಕಿದರೆ ಬುಡ ಮಧ್ಯಾಹ್ನದವರೆಗೂ ಒಣಗೋದಿಲ್ಲ, ವಾಸನೆ ಹಿಡಿಯುತ್ತದೆ.

ಎಣ್ಣೆ ಪೂರ್ತಿ ಬಿಡಬೇಕಾಗಿಲ್ಲ. ಎರಕೊಳ್ಳುವ ಒಂದು ತಾಸು ಮುಂಚೆ ಅರ್ಧ ಚಮಚ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಹಚ್ಚಿಕೊಂಡು, ಕಿವಿಯಿಂದ ಕೆಳಗಿನ ಕೂದಲಿಗೆ ಮಾತ್ರ ಸವರಬೇಕು. ತುದಿ ಹಳೇ ಕೂದಲು, ಬುಡದ ಜಿಡ್ಡು ಅಲ್ಲಿತನಕ ಇಳಿಯೋದಿಲ್ಲ, ಅದಕ್ಕೆ ಎಣ್ಣೆ ಬೇಕು. ಬುಡಕ್ಕೆ ಬೇಡ. ಬೆಳಿಗ್ಗೆ ಜಡೆ ಹಾಕುವಾಗಲೂ ಬೇಡ.

ಇನ್ನು ತೊಳೆಯೋದು. ಕಿರಾಣಿ ಅಂಗಡಿಯ ಒಂದೆರಡು ರೂಪಾಯಿಯ ಸ್ಯಾಶೆ ಸಾಕು. ಇಷ್ಟು ಉದ್ದದ ಕೂದಲಿಗೆ ಎರಡು ಸ್ಯಾಶೆ, ಭುಜದವರೆಗಿದ್ದರೆ ಒಂದು, ಹುಡುಗರ ಗಿಡ್ಡ ಕೂದಲಿಗೆ ಅರ್ಧ. ಒಂದು ಸ್ಯಾಶೆಯನ್ನು ಸಣ್ಣ ಲೋಟ ನೀರಿಗೆ ಕಲಸಿ, ಚೆನ್ನಾಗಿ ತೋಯಿಸಿದ ತಲೆಯ ಬುಡಕ್ಕೆ ಹಾಕಿ, ಉಗುರು ತಾಗಿಸದೆ ಬೆರಳ ತುದಿಯಿಂದ ಒಂದು ನಿಮಿಷ ತಿಕ್ಕಬೇಕು. ಮೊದಲ ಸಲ ನೊರೆ ಅಷ್ಟಾಗಿ ಬರೋದಿಲ್ಲ, ಜಿಡ್ಡು ನೊರೆಯನ್ನು ತಿಂದುಹಾಕುತ್ತದೆ. ತೊಳೆದು ಎರಡನೇ ಸ್ಯಾಶೆ ಹಾಕಿದಾಗ ನೊರೆ ಏಳುತ್ತದೆ. ಅದೇ ನೊರೆ ಉದ್ದಕ್ಕೆ ಇಳಿದರೆ ಸಾಕು, ಉದ್ದದ ಕೂದಲನ್ನು ಬಟ್ಟೆಯಂತೆ ಹಿಂಡಿ ತಿಕ್ಕಬಾರದು. ಆಮೇಲೆ ಜಾರುವುದು ಪೂರ್ತಿ ಹೋಗುವವರೆಗೆ ನೀರು. ಕೊನೆಯ ಒಂದು ತಂಬಿಗೆ ಶುದ್ಧ ನೀರಿನ ಕ್ಯಾನಿನದ್ದಾದರೆ ಒಳ್ಳೆಯದು. ಅದಿಲ್ಲದಿದ್ದರೆ ಬೋರಿನ ನೀರನ್ನೇ ಕುದಿಸಿ, ಆರಿಸಿ, ತಳದ ಬಿಳಿ ಗಸಿ ಬಿಟ್ಟು ಮೇಲಿನ ನೀರು ತಗೊಳ್ಳಬಹುದು. ಕುದಿಸಿದರೆ ಗಡಸುತನ ಸ್ವಲ್ಪ ಇಳಿಯುತ್ತದೆ, ಪೂರ್ತಿ ಅಲ್ಲ.

ಹಣಿಗೆಯನ್ನು ವಾರಕ್ಕೊಮ್ಮೆ ಬಿಸಿನೀರು, ಶಾಂಪೂವಿನಲ್ಲಿ ನೆನೆಸಿ ಹಳೇ ಬ್ರಷ್‌ನಿಂದ ತಿಕ್ಕಬೇಕು. ದಿಂಬಿನ ಕವರು, ರಿಬ್ಬನ್ ಕೂಡ ಅವತ್ತೇ. ಇವನ್ನು ಬಿಟ್ಟರೆ ತೊಳೆದ ತಲೆಗೆ ಹಳೇ ಜಿಡ್ಡು ವಾಪಸ್ ಬರುತ್ತದೆ.

ಎರಡು ವಾರ ಆದಮೇಲೆ, ಎರಕೊಂಡ ಮರುದಿನ ಸಂಜೆ ಬೈತಲೆ ಮೇಲೆ ತೆಳು ಕಾಗದದ ಚೂರು ಒತ್ತಿ ನೋಡಬೇಕು. ಬಜ್ಜಿ ಕಟ್ಟಿದ ಕಾಗದದಂತೆ ಆರಪಾರ ಕಂಡರೆ ದಿನ ಬಿಟ್ಟು ದಿನ ಎರೆಯಬೇಕು. ಬೆವರಿ ಆಟ ಆಡುವ ಹುಡುಗರಿಗೆ, ಬೇಸಿಗೆಯಲ್ಲಿ ದಿನಾ ಆದರೂ ನಡೆಯುತ್ತದೆ. ಕಾಗದ ಒಣಗೇ ಇದ್ದು, ತಲೆ ಚರ್ಮ ಬಿಗಿದಂತೆ ಅನಿಸಿದರೆ ಒಂದು ದಿನ ಕಡಿಮೆ ಮಾಡಬೇಕು. ನಾಲ್ಕು ವಾರಕ್ಕೆ ಆ ತಲೆಯ ಲೆಕ್ಕ ಸಿಗುತ್ತದೆ.

ಕೂದಲು ಉದುರಿತೆಂದು ನಿಲ್ಲಿಸುವವರು

ಬಹಳ ಮನೆಗಳಲ್ಲಿ ಇದು ನಿಂತುಹೋಗೋದು ಮೊದಲ ವಾರದಲ್ಲೇ. ಬಚ್ಚಲಲ್ಲಿ ಕೂದಲಿನ ಉಂಡೆ ನೋಡಿ "ಶಾಂಪೂ ಹಚ್ಚಿ ಕೂದಲೆಲ್ಲಾ ಹೋದ್ವು" ಅಂತ ಗಾಬರಿಯಾಗುತ್ತಾರೆ. ಯಾರ ತಲೆಯಿಂದಲಾದರೂ ದಿನಕ್ಕೆ 50ರಿಂದ 100 ಕೂದಲು ಉದುರೋದು ಸಹಜ. ಬಿಗಿ ಜಡೆಯಲ್ಲಿ ಅವು ಸಿಕ್ಕಿಕೊಂಡಿರುತ್ತವೆ, ಎರೆಯುವ ದಿನ ಎಲ್ಲಾ ಒಟ್ಟಿಗೆ ಹೊರಬರುತ್ತವೆ. ವಾರಕ್ಕೆ ಮೂರು ಸಲ ತೊಳೆದರೆ ಪ್ರತಿ ಸಲದ ಉಂಡೆ ಸಣ್ಣದಾಗುತ್ತಾ ಹೋಗಬೇಕು. ಹಾಗಾಗದೆ ಬೈತಲೆ ಅಗಲವಾಗುತ್ತಾ ಹೋದರೆ ಅದು ಬೇರೆ ವಿಷಯ, ಡಾಕ್ಟರಿಗೆ ತೋರಿಸಬೇಕು.

ಹೊಟ್ಟು ಈ ಜಿಡ್ಡಿನ ಬೆನ್ನಿಗೇ ಬರುತ್ತದೆ. ಎಲ್ಲರ ತಲೆ ಮೇಲೂ ಇರುವ ಒಂದು ಶಿಲೀಂಧ್ರ ಈ ಜಿಡ್ಡನ್ನೇ ತಿಂದು ಬದುಕುತ್ತದೆ. ಜಿಡ್ಡು ಹೆಚ್ಚಾದರೆ ಅದೂ ಹೆಚ್ಚುತ್ತದೆ, ಕೆರೆತ ಶುರುವಾಗುತ್ತದೆ. ತಲೆ ಒಣಗಿದೆ ಅಂತ ತಿಳಿದು ಎಣ್ಣೆ ಹಾಕೋದು ಇಲ್ಲಿ ಉಲ್ಟಾ ಕೆಲಸ. ಮೆಡಿಕಲ್‌ನಲ್ಲಿ ಕೇಳಿದರೆ 2% ಕೀಟೊಕೊನಜೋಲ್ ಶಾಂಪೂ ಸಿಗುತ್ತದೆ. ವಾರಕ್ಕೆ ಎರಡು ಸಲ ಬುಡಕ್ಕೆ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು, ಹೀಗೆ ಎರಡರಿಂದ ನಾಲ್ಕು ವಾರ. ಹಚ್ಚಿದ ಕೂಡಲೇ ತೊಳೆದುಬಿಟ್ಟರೆ ರೊಕ್ಕ ನೀರಿಗೆ ಹೋದಂತೆ. ಉಳಿದ ದಿನ ಮಾಮೂಲಿ ಶಾಂಪೂ.

ಅದಕ್ಕೂ ಮೊದಲು ಬೆಳಕಿನಲ್ಲಿ ಒಂದು ಸಲ ಕಿವಿ ಹಿಂದೆ, ಕತ್ತಿನ ಮೇಲೆ ನೋಡಿ. ಬಿಳಿ ಚೂರು ಊದಿದರೆ ಹಾರಿದರೆ ಹೊಟ್ಟು. ಕೂದಲಿಗೇ ಅಂಟಿಕೊಂಡು ಉಗುರಿನಿಂದ ಎಳೆದರೂ ಸುಲಭಕ್ಕೆ ಜಾರದಿದ್ದರೆ ಸೀರು. ಅದಕ್ಕೆ ಸೀರಣಿಗೆ ಬೇಕು, ಹೊಟ್ಟಿನ ಶಾಂಪೂ ಅಲ್ಲ.

ಅಂಗಡಿಯವರಿಗೂ ಒಂದು ಮಾತು. ಹಣೆ ಗುಳ್ಳೆಗೆ ಅಂತ ಮಕ್ಕಳು ಬಿಳಿಯಾಗುವ ಕ್ರೀಮ್ ಕೇಳಿಕೊಂಡು ಬರುತ್ತಾರೆ. ಅಂಥ ಕೆಲವು ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ನಾಲ್ಕು ದಿನ ಚೆನ್ನಾಗಿ ಕಾಣುತ್ತದೆ, ಬಿಟ್ಟರೆ ಗುಳ್ಳೆ ಇನ್ನೂ ಹೆಚ್ಚು, ಬಳಸುತ್ತಾ ಹೋದರೆ ಚರ್ಮ ತೆಳುವಾಗುತ್ತದೆ. ಚೀಟಿ ಇಲ್ಲದೆ ಕೊಡಬೇಡಿ. ಎಣ್ಣೆಯಿಂದ ಕೂದಲಂಚಿಗೆ ಎದ್ದ ಸಣ್ಣ ಗುಳ್ಳೆಗಳು ಬುಡಕ್ಕೆ ಎಣ್ಣೆ ಬಿಟ್ಟರೆ ಕೆಲವು ವಾರಗಳಲ್ಲಿ ತಾವೇ ಇಳಿಯುತ್ತವೆ.

ನಾಲ್ಕು ವಾರ ಔಷಧಿ ಶಾಂಪೂ ಹಾಕಿದರೂ ಹೊಟ್ಟು ಇಳಿಯದಿದ್ದರೆ, ಹುಬ್ಬು, ಮೂಗಿನ ಪಕ್ಕ ಕೆಂಪಾಗಿ ಹಳದಿ ಪೊರೆ ಎದ್ದರೆ, ಕೀವು ಗುಳ್ಳೆ ಬಂದರೆ ಅಥವಾ ದುಂಡಗೆ ಒಂದು ಕಡೆ ಕೂದಲು ಮುರಿದು ಬೋಳಾದರೆ ಮನೆ ಮದ್ದು ನಿಲ್ಲಿಸಬೇಕು. ದುಂಡಗೆ ಬೋಳಾಗೋದು ಹುಳುಕಡ್ಡಿ ಇರಬಹುದು, ಅದಕ್ಕೆ ಗುಳಿಗೆಯೇ ಬೇಕು, ಮೇಲೆ ಹಚ್ಚಿದರೆ ಹೋಗೋದಿಲ್ಲ. ಹೆಣ್ಣುಮಕ್ಕಳಿಗೆ ಜಿಡ್ಡಿನ ಜೊತೆಗೆ ಗದ್ದದ ಮೇಲೆ ಗಡುಸು ಕೂದಲು ಬಂದು, ಮುಟ್ಟು ಶುರುವಾಗಿ ಮೂರು ವರ್ಷವಾದರೂ ಹಿಂದೆ ಮುಂದೆ ಆಗುತ್ತಿದ್ದರೆ ಅದನ್ನೂ ಹೇಳಬೇಕು. ಬಾದಾಮಿ, ಹುನಗುಂದದವರು ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಬಹುದು, ಅಲ್ಲಿ ಬಗೆಹರಿಯದಿದ್ದರೆ ಬಾಗಲಕೋಟೆ ಜಿಲ್ಲಾ ಆಸ್ಪತ್ರೆ. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗಾಗಿ ಸ್ನೇಹ ಕ್ಲಿನಿಕ್ ಅಂತ ನಡೆಸುತ್ತಾರೆ. ಅವ್ವನ ಮುಂದೆ ಹೇಳೋಕೆ ನಾಚಿಕೊಳ್ಳುವ ಮಕ್ಕಳು ಅಲ್ಲಿ ಕೇಳಬಹುದು. ಹೋಗುವ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ಡಾಕ್ಟರಿಗೆ ಚರ್ಮ ಸರಿಯಾಗಿ ಕಾಣೋದಿಲ್ಲ.