ಬಾಣಂತಿಯ ತಲೆನೋವು: ಹಾಲಿಗೆ ಸೇರುವುದೆಷ್ಟು, ಆಸ್ಪತ್ರೆಗೆ ಹೋಗುವುದು ಯಾವಾಗ

ಹೆರಿಗೆಯಾದ ಮೊದಲ ವಾರದಲ್ಲಿ ಹೆಚ್ಚುಕಡಿಮೆ ಮೂವರು ಬಾಣಂತಿಯರಲ್ಲಿ ಒಬ್ಬರಿಗೆ ತಲೆನೋವು ಬರುತ್ತದೆ. ಬಹುತೇಕ ಇದು ನಿದ್ದೆಗೆಟ್ಟದ್ದರಿಂದ, ಹೊತ್ತಿಗೆ ಸರಿಯಾಗಿ ಊಟವಾಗದ್ದರಿಂದ, ಕುತ್ತಿಗೆ ಬಗ್ಗಿಸಿಕೊಂಡು ಗಂಟೆಗಟ್ಟಲೆ ಹಾಲೂಡಿಸಿದ್ದರಿಂದ ಬರುವ ನೋವು. ಮೊದಲೇ ಮೈಗ್ರೇನ್ ಇದ್ದವರಿಗೆ ಇನ್ನೊಂದು ಕಾರಣವೂ ಇದೆ. ಬಸಿರಿನಲ್ಲಿ ಏರಿದ್ದ ಈಸ್ಟ್ರೋಜನ್ ಹಾರ್ಮೋನು ಹೆರಿಗೆಯಾದೊಡನೆ ಸರ್ರನೆ ಇಳಿಯುತ್ತದೆ, ಒಂಬತ್ತು ತಿಂಗಳು ಸುಮ್ಮನಿದ್ದ ಮೈಗ್ರೇನ್ ಮತ್ತೆ ಎದ್ದು ಕೂರುತ್ತದೆ.

ಇಂಥ ನೋವಿಗೆ ಮಾತ್ರೆ ನುಂಗಿದರೆ ಹಾಲಿನ ಮೂಲಕ ಕೂಸಿಗೆ ತಾಕೀತು ಎಂಬ ಅಂಜಿಕೆಯಿಂದ ಎಷ್ಟೋ ಮನೆಗಳಲ್ಲಿ ಬಾಣಂತಿ ನೋವು ನುಂಗಿಕೊಂಡು ಕೂರುತ್ತಾಳೆ. ಇಲ್ಲವೇ ಮಾತ್ರೆ ತೆಗೆದುಕೊಂಡ ದಿನ ಹಾಲು ಹಿಂಡಿ ಚೆಲ್ಲಿಸುತ್ತಾರೆ. ಸಾಮಾನ್ಯವಾಗಿ ಬಳಸುವ ಎರಡು ಮಾತ್ರೆಗಳ ವಿಷಯದಲ್ಲಂತೂ ಎರಡೂ ಬೇಕಿಲ್ಲ.

ಮೊದಲನೆಯದು ಪ್ಯಾರಸಿಟಮಾಲ್. ತಾಯಿ 650 ಮಿಲಿಗ್ರಾಂನ ಒಂದು ಮಾತ್ರೆ ನುಂಗಿದರೆ ಒಂದೆರಡು ಗಂಟೆಯಲ್ಲಿ ಅದು ಹಾಲಿನಲ್ಲಿ ಗರಿಷ್ಠ ಮಟ್ಟಕ್ಕೆ ಬರುತ್ತದೆ. ಆ ಮಟ್ಟ ಲೀಟರಿಗೆ 10ರಿಂದ 15 ಮಿಲಿಗ್ರಾಂ. ಮೂರು ಕಿಲೋ ತೂಗುವ ಕೂಸು ದಿನಕ್ಕೆ ಸುಮಾರು 450 ಮಿಲಿಲೀಟರ್ ಹಾಲು ಕುಡಿಯುತ್ತದೆ. ಇಡೀ ದಿನ ಹಾಲು ಆ ಗರಿಷ್ಠ ಮಟ್ಟದಲ್ಲೇ ಇತ್ತು ಎಂದು ಕಟ್ಟಾ ಲೆಕ್ಕ ಹಾಕಿದರೂ ಕೂಸಿಗೆ ಸೇರುವುದು ಏಳು ಮಿಲಿಗ್ರಾಂನ ಒಳಗೆ. ಅದೇ ಕೂಸಿಗೆ ಜ್ವರ ಬಂದರೆ ಮಕ್ಕಳ ವೈದ್ಯರು ಒಂದು ಸಲಕ್ಕೆ ಕೊಡಿಸುವ ಪ್ಯಾರಸಿಟಮಾಲ್ 30ರಿಂದ 45 ಮಿಲಿಗ್ರಾಂ. ಎರಡನೆಯದಾದ ಐಬುಪ್ರೊಫೇನ್ ಇನ್ನೂ ಕಡಿಮೆ ಸೇರುತ್ತದೆ. ಅದು ತಾಯಿಯ ರಕ್ತದ ಪ್ರೋಟೀನಿಗೆ ಅಂಟಿಕೊಂಡೇ ಇರುವುದರಿಂದ ಹಾಲಿಗೆ ದಾಟುವುದೇ ಕಷ್ಟ. ಆರು ಗಂಟೆಗೊಮ್ಮೆ 400 ಮಿಲಿಗ್ರಾಂ ತೆಗೆದುಕೊಂಡರೂ ಇಡೀ ದಿನದ ಹಾಲಿನಲ್ಲಿ ಒಂದು ಮಿಲಿಗ್ರಾಂಗಿಂತ ಕಡಿಮೆ ಇರುತ್ತದೆ. ಆದ್ದರಿಂದ ಹಾಲೂಡಿಸುವ ಹೊತ್ತು ನೋಡಿಕೊಂಡು ಮಾತ್ರೆ ನುಂಗಬೇಕೆಂದೇನೂ ಇಲ್ಲ. ಐಬುಪ್ರೊಫೇನನ್ನು ಊಟದ ಮೇಲೆ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಕೆಲವು ಬಗೆಯ ಅಸ್ತಮಾ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕೂಸು ದಿನ ತುಂಬದೆ ಹುಟ್ಟಿದ್ದರೆ ಯಾವ ಮಾತ್ರೆಗಾದರೂ ಮಕ್ಕಳ ವೈದ್ಯರ ಒಪ್ಪಿಗೆ ಇರಲಿ.

ಇವೆರಡಕ್ಕೂ ಬಗ್ಗದ ಮೈಗ್ರೇನ್‌ಗೆ ವೈದ್ಯರು ಸುಮಾಟ್ರಿಪ್ಟಾನ್ ಬರೆದುಕೊಡುವುದುಂಟು. ಹಾಲಿಗೆ ಸೇರುವ ಅಲ್ಪಸ್ವಲ್ಪವೂ ಕೂಸಿನ ಹೊಟ್ಟೆಯಿಂದ ರಕ್ತಕ್ಕೆ ಸರಿಯಾಗಿ ಹೀರಿಕೆಯಾಗದು, ಹಾಗಾಗಿ ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದು. ಆದರೆ ರಕ್ತನಾಳ ಬಿಗಿಯುವ ಔಷಧಿಯಾದ್ದರಿಂದ ಬಿಪಿ ಏರಿದವರಿಗೆ ಇದು ಸಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು ಮೆಡಿಕಲ್ ಶಾಪಿನಲ್ಲಿ ‘ತಲೆನೋವಿನ ಮಾತ್ರೆ’ ಎಂದಷ್ಟೇ ಕೇಳಿದಾಗ. ನೀರಿನಲ್ಲಿ ಕರಗಿಸಿ ಕುಡಿಯುವ ಕೆಲವು ಮಾತ್ರೆಗಳಲ್ಲಿರುವುದು ಆಸ್ಪಿರಿನ್. ಅದು ಮಕ್ಕಳಲ್ಲಿ ಅಪರೂಪಕ್ಕೆ ಯಕೃತ್ತು, ಮೆದುಳಿಗೆ ಪೆಟ್ಟು ಕೊಡುವ ರೈ ಸಿಂಡ್ರೋಮಿಗೆ ನಂಟಾಗಿರುವುದರಿಂದ ನೋವಿಗೆಂದು ಬಾಣಂತಿಗೆ ಬೇಡ. ಮೈಗ್ರೇನಿನ ಕೆಲವು ಮಿಶ್ರಣಗಳಲ್ಲಿ ಎರ್ಗೋಟಮೈನ್ ಇರುತ್ತದೆ. ಅದು ತಾಯಿಯ ರಕ್ತನಾಳಗಳನ್ನು ಹಿಂಡುತ್ತದೆ, ಕೂಸಿಗೆ ವಾಂತಿಭೇದಿ ತರಬಹುದು. ಕೊಡೀನ್ ಮತ್ತು ಟ್ರಮಡಾಲ್ ಬೇರೆ ಜಾತಿಯವು. ಕೆಲವರ ಯಕೃತ್ತು ಹುಟ್ಟಿನಿಂದಲೇ ಇವನ್ನು ತೀರಾ ಬೇಗ ಪ್ರಬಲ ರೂಪಕ್ಕೆ ತಿರುಗಿಸುತ್ತದೆ, ಆ ರೂಪ ಹಾಲಿಗೆ ಇಳಿದರೆ ಕೂಸು ಮಂಕಾಗಿ ಉಸಿರು ನಿಧಾನವಾಗುವ ಅಪಾಯವಿದೆ. ಹಾಲೂಡಿಸುವವರು ಇವೆರಡನ್ನೂ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿತು. ಮಾತ್ರೆಯ ಹೆಸರಿಗಿಂತ ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುವುದನ್ನು ಓದುವುದೇ ದಾರಿ.

ಇಷ್ಟಾದರೂ ಹಾಲಿನ ಚಿಂತೆ ಚಿಕ್ಕದು. ತಲೆನೋವು ಯಾವ ಬಗೆಯದು ಎಂಬುದೇ ದೊಡ್ಡ ಪ್ರಶ್ನೆ.

ಸಿಸೇರಿಯನ್ ಆದ ಒಬ್ಬ ಬಾಣಂತಿಯನ್ನು ಊಹಿಸಿಕೊಳ್ಳಬಹುದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಅರಿವಳಿಕೆ ಮಾಡಿದ್ದಾರೆ. ಎರಡನೆಯ ದಿನ ಕೂಸಿಗೆ ಹಾಲೂಡಿಸಲು ಎದ್ದು ಕೂತ ಐದು ನಿಮಿಷಕ್ಕೆ ಹಣೆ ಮತ್ತು ಹಿಂದಲೆ ಸಿಡಿಯತೊಡಗುತ್ತದೆ, ಕುತ್ತಿಗೆ ಬಿಗಿಯುತ್ತದೆ. ಮಲಗಿದರೆ ಮಾಯ. ಮತ್ತೆ ಎದ್ದರೆ ಮತ್ತೆ ಅದೇ. ಸೂಜಿ ಚುಚ್ಚಿದ ತೂತಿನಿಂದ ಬೆನ್ನುಹುರಿಯ ಸುತ್ತಲಿನ ದ್ರವ ಜಿನುಗಿ, ಮೆದುಳಿಗೆ ಆಸರೆಯಾಗಿದ್ದ ದ್ರವದ ಒತ್ತಡ ಕುಗ್ಗಿದಾಗ ಹೀಗಾಗುತ್ತದೆ. ಇದು ಸಾಮಾನ್ಯವಾಗಿ ಎರಡು ವಾರದೊಳಗೆ ತಾನೇ ವಾಸಿಯಾಗುತ್ತದೆ. ಅಲ್ಲಿಯವರೆಗೆ ಪ್ಯಾರಸಿಟಮಾಲ್, ಸಾಕಷ್ಟು ನೀರು, ಮಲಗಿಕೊಂಡೇ ಹಾಲೂಡಿಸುವುದು. ಎದ್ದು ಓಡಾಡಲಾಗದಷ್ಟು ನೋವಿದ್ದರೆ ಅರಿವಳಿಕೆ ತಜ್ಞರು ಆಕೆಯದೇ ರಕ್ತವನ್ನು ಸುಮಾರು 20 ಮಿಲಿಲೀಟರ್ ತೆಗೆದು ಬೆನ್ನಿನ ಅದೇ ಜಾಗದ ಹತ್ತಿರ ತುಂಬುತ್ತಾರೆ. ಅದು ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಗಮನಿಸಬೇಕಾದದ್ದೊಂದಿದೆ. ಕೂತಾಗ ಮಾತ್ರ ಇದ್ದ ನೋವು ಮಲಗಿದಾಗಲೂ ಉಳಿಯತೊಡಗಿದರೆ ಅದು ಇನ್ನೇನೋ ಆಗಿ ತಿರುಗಿದೆ ಎಂದರ್ಥ. ಕಾಯದೆ ತೋರಿಸಬೇಕು.

ಇನ್ನೊಂದು ಬಿಪಿಯ ನೋವು. ಹೆರಿಗೆಯಾದರೆ ಬಿಪಿಯ ಕಾಟ ಮುಗಿಯಿತು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅದು ಸುಳ್ಳು. ಬಸಿರಿನಲ್ಲಿ ಒಮ್ಮೆಯೂ ಏರದಿದ್ದ ಬಿಪಿ ಹೆರಿಗೆಯ ನಂತರ ಆರು ವಾರದೊಳಗೆ ಏರಬಹುದು. ಮೊದಲ ಹತ್ತು ದಿನಗಳಲ್ಲಿ ಹೆಚ್ಚು, ಅಂದರೆ ಆಸ್ಪತ್ರೆಯಿಂದ ತವರಿಗೆ ಬಂದು ಸೇರಿದ ಮೇಲೆ. ಮಾತ್ರೆಗೆ ಜಗ್ಗದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚು ಕಂಡಂತಾಗುವುದು, ಬಲ ಪಕ್ಕೆಲುಬಿನ ಕೆಳಗೆ ನೋವು, ಉಸಿರಾಟದ ತೊಂದರೆ ಇದರ ಗುರುತು. ಬಿಪಿ 140/90 ದಾಟಿದ್ದರೆ ಅಂದೇ ವೈದ್ಯರ ಬಳಿ ಹೋಗಬೇಕು. 160/110 ದಾಟಿದ್ದರೆ ಅದು ತುರ್ತು, ಏಕೆಂದರೆ ಮುಂದಿನ ಹೆಜ್ಜೆ ಫಿಟ್ಸ್ ಅಥವಾ ಮೆದುಳಿನ ರಕ್ತಸ್ರಾವ. ಹಾಗಾಗಿ ಬಾಣಂತಿಯ ತಲೆನೋವಿಗೆ ಮಾತ್ರೆ ಕೊಡುವ ಮೊದಲು ಬಿಪಿ ನೋಡಿಸುವುದೇ ಮೊದಲ ಕೆಲಸ.

ಮೂರನೆಯದಕ್ಕೆ ನಮ್ಮ ಬಾಣಂತನದ ಕಟ್ಟುಪಾಡಿನ ನಂಟಿದೆ. ಹೆರಿಗೆಯ ನಂತರ ಕೆಲವು ವಾರ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ಬಾಣಂತಿಗೆ ನೀರು ಅಳೆದು ಕೊಟ್ಟರೆ ರಕ್ತ ಮತ್ತಷ್ಟು ಮಂದವಾಗುತ್ತದೆ. ರಕ್ತಹೀನತೆ ಇದ್ದರೆ ಅಪಾಯ ಇನ್ನೂ ಹೆಚ್ಚು. ಮೆದುಳಿನಿಂದ ರಕ್ತ ಹೊರಗೊಯ್ಯುವ ಸಿರೆಯಲ್ಲಿ ಹೆಪ್ಪು ಕಟ್ಟುವ ಈ ಕಾಯಿಲೆಯ ಬಾಣಂತಿಯರನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ನೋಡುತ್ತ, ಅಧ್ಯಯನ ಮಾಡುತ್ತ ಬಂದಿದ್ದಾರೆ. ಇದರ ನೋವು ದಿನದಿಂದ ದಿನಕ್ಕೆ ಏರುತ್ತದೆ. ಮಲಗಿದರೆ, ಕೆಮ್ಮಿದರೆ ಹೆಚ್ಚುತ್ತದೆ, ಜೊತೆಗೆ ವಾಂತಿ ಇರುತ್ತದೆ. ಸೂಜಿಯ ತಲೆನೋವಿಗೆ ಪೂರ್ತಿ ತಿರುಗುಮುರುಗು. ಆಮೇಲೆ ಫಿಟ್ಸ್, ಒಂದು ಕೈಕಾಲಿಗೆ ಸ್ವಾಧೀನ ತಪ್ಪುವುದು, ಮಾತು ತೊದಲುವುದು. ಸ್ಕ್ಯಾನ್ ಮಾಡಿ ಹೊತ್ತಿಗೆ ಸರಿಯಾಗಿ ಹೆಪಾರಿನ್ ಕೊಟ್ಟರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಹೆಪಾರಿನ್ ಹಾಲಿಗೆ ದಾಟುವುದಿಲ್ಲ.

ಸಿಡಿಲು ಬಡಿದಂತೆ ಒಂದು ನಿಮಿಷದೊಳಗೆ ತುತ್ತತುದಿ ಮುಟ್ಟುವ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು, ಮಂಪರು, ಗೊಂದಲದ ಮಾತು, ಇವು ಕಂಡರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಬೇಕು. ತುರ್ತು ವಿಭಾಗದಲ್ಲಿ ‘ತಲೆನೋವು’ ಎಂದಷ್ಟೇ ಹೇಳಿದರೆ ಮೈಗ್ರೇನ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿಬಿಡಬಹುದು. ಹೆರಿಗೆಯಾಗಿ ಎಷ್ಟು ದಿನವಾಯಿತು, ಬೆನ್ನಿಗೆ ಸೂಜಿ ಹಾಕಿದ್ದರೇ, ನೋವು ಕೂತಾಗ ಹೆಚ್ಚೋ ಮಲಗಿದಾಗ ಹೆಚ್ಚೋ ಎಂಬುದನ್ನು ಜೊತೆಗೆ ಹೋದವರು ಮೊದಲ ಮಾತಿಗೇ ತಿಳಿಸಬೇಕು. ಡಿಸ್ಚಾರ್ಜ್ ಚೀಟಿ ಕೈಯಲ್ಲಿರಬೇಕು.